ಕಥೆಯೊಳಗಿನ ಒಳ್ಳೆಯ ಗಂಡ

ನೀಲಾ ಬರೆದ ಕಥೆ ಗಂಡ ಸಿದ್ದರಾಮನ ಕೈಗೆ ಸಿಕ್ಕಿತ್ತು. ಬೆಟಗೇರಿಯ ಆ ಎರಡು ಕೋಣೆಯ ಮನೆಯಲ್ಲಿ ಅವನು ಒಂದೊಂದೇ ಪುಟ ತಿರುವುತ್ತಿದ್ದ. ಒಲೆಯ ಮುಂದೆ ಕೂತ ಅವಳ ಜೀವ ಬಾಯಿಗೆ ಬಂದಿತ್ತು. ಬಲಗೈಗೆ ಪಟ್ಟಿ ಕಟ್ಟಿತ್ತು. ಕಥೆಯನ್ನು ಎಡಗೈಯಲ್ಲೇ ಗೀಚಿದ್ದಳು.

ಕಥೆ ಹೇಳುವವನು ಒಬ್ಬ ಗಂಡ. ‘ನಾನು’ ಎಂದೇ ಶುರು. ಅವನ ಬಾಯಲ್ಲಿ ತಪ್ಪೊಪ್ಪಿಗೆಯ ಒಂದು ಮಾತೂ ಇರಲಿಲ್ಲ. ಪ್ರತಿ ಕೆಲಸಕ್ಕೂ ಮೊದಲು ಕಾರಣ, ಆಮೇಲೆ ಕಣ್ಣೀರು. ‘ಊರ ಕಣ್ಣು ಕೆಟ್ಟದ್ದು, ಅದಕ್ಕೇ ಹೊರಗಿನಿಂದ ಕೀಲಿ ಹಾಕುತ್ತೇನೆ. ಅವಳು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಾಗ ತುತ್ತು ಮಾಡಿ ಉಣಿಸಿದವನು ನಾನೇ.’ ನಾಲ್ಕು ಪುಟ ಬಿಟ್ಟು, ಬಡತನದ ಮಾತು ಬಂದಾಗ ಅವನೇ ಬಾಯಿತಪ್ಪಿ ಅನ್ನುತ್ತಾನೆ: ‘ನಮ್ಮದು ನೆಲಮಟ್ಟದ ಮನೆ. ಮನೆಯಲ್ಲಿ ಒಂದು ಮೆಟ್ಟಿಲೂ ಇಲ್ಲ.’

ಸಿದ್ದರಾಮ ಆ ಸಾಲಿಗೆ ಬಂದ. ಅವನ ಬೆರಳು ನಿಂತಿತು. ನೀಲಾ ಒಲೆಯ ಕಡೆ ಮುಖ ತಿರುಗಿಸಿದಳು. ಇವತ್ತು ಅವನು ಇದು ತಾನೇ ಎಂದು ಗುರುತು ಹಿಡಿದರೆ ಇನ್ನೊಂದು ಕೈಯೂ ಉಳಿಯುವುದಿಲ್ಲ, ಹೊಸ್ತಿಲು ದಾಟುವ ಮಾತಂತೂ ಮುಗಿದೇ ಹೋಯಿತು.

ಅವನು ಕಣ್ಣೊರೆಸಿಕೊಂಡ.

“ಪಾಪ, ಎಂಥಾ ಒಳ್ಳೆ ಮನಶ್ಯಾ,” ಎಂದ. “ಗಂಡಸರ ಸಂಕಟ ಇಷ್ಟು ಖರೆ ಬರದೀಯಲ್ಲ. ಅವ್ವಾ, ಇಲ್ಲೆ ಬಾ. ಸೊಸಿ ಕಥಿ ಓದ್ತೀನಿ, ಕೇಳು.”

ಅವನ ತಾಯಿ ಫಕ್ಕೀರವ್ವ ನಿನ್ನೆಯಷ್ಟೇ ಶಿರಹಟ್ಟಿಯಿಂದ ಬಂದಿದ್ದಳು. ಹೋದ ಸಲ ನೀಲಾ ಅಂಜುತ್ತಲೇ ಏಟು, ಕೀಲಿ ಎಲ್ಲ ಹೇಳಿಕೊಂಡಾಗ, “ನನ್ನ ಮಗಾ ಹಾಲಿನಂಥಾಂವ” ಎಂದು ಬಾಯಿ ಮುಚ್ಚಿಸಿದ ಅತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಸಿದ್ದರಾಮ ದನಿಯೇರಿಸಿ ಓದಿದ. ಮೊದಮೊದಲು ಮುದುಕಿ ಲೊಚಗುಟ್ಟಿದಳು, ತಲೆಯಾಡಿಸಿದಳು. ಆಮೇಲೆ ವೀಳ್ಯದೆಲೆ ಮಡಚುತ್ತಿದ್ದ ಕೈ ನಿಂತಿತು.

“ಮೆಟ್ಟಲಾ ಇಲ್ಲದ ಮನ್ಯಾಗ ಆಕಿ ಹ್ಯಾಂಗ ಬಿದ್ಲೋ?”

“ಅದು ಕಥಿ ಬೇ ಅವ್ವಾ.”

“ಹೌದಪಾ, ಕಥಿ.” ಅವಳು ಸೊಸೆಯ ಪಟ್ಟಿ ಕಟ್ಟಿದ ಕೈಯನ್ನು ನೋಡಿದಳು. “ಇಕಿ ಬಚ್ಚಲದಾಗ ಜಾರಿದ್ಲು ಅಂತ ಫೋನಿನ್ಯಾಗ ನೀ ಹೇಳಿದ್ದೂ ಕಥಿನ ಏನು?”

ಸಿದ್ದರಾಮ ಹಾಳೆಗಳನ್ನು ಮಡಚತೊಡಗಿದ. ಮುದುಕಿ ಎದ್ದು ಅವನ ಮುಂದೆ ಕೈಯೊಡ್ಡಿದಳು.

“ಕೀಲಿ ಕೊಡು. ಸೊಸಿ ನನ್ನ ಸಂಗಾಟ ಶಿರಹಟ್ಟಿಗೆ ಬರ್ತಾಳ.”

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ; ಮಗನೇ ಮೆಚ್ಚಿ ಓದಿ ಹೇಳಲೆಂದು ನೀಲಾ ಆ ‘ನಾನು’ವನ್ನು ಅಷ್ಟು ಒಳ್ಳೆಯವನನ್ನಾಗಿ ಬರೆದಿದ್ದಳು.