ಬಾಕ್ಸ್ ನಂಬರಿಗೆ ಒಂದು ಕಾಗದ

ಗುರುಶಾಂತಪ್ಪನವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು. ಕೈಯಲ್ಲಿ ಇಂಗ್ಲಿಷ್ ಪೇಪರಿನ ಒಂದು ಹಾಳೆ. ತಂಗಿಯ ಕಡೆಯಿಂದ ಕಸಕ್ಕೆ ಬಿದ್ದಿದ್ದ ಆ ಹಾಳೆಯಲ್ಲಿ, ಹೆಸರಿಲ್ಲದೆ ಬರೀ ಬಾಕ್ಸ್ ನಂಬರಿದ್ದ ಒಂದು ಮದುವೆ ಜಾಹೀರಾತಿನ ಸುತ್ತ ಯಾರೋ ಗೆರೆ ಎಳೆದಿದ್ದರು. ತಮಗೆ ಇಂಗ್ಲಿಷ್ ಬಾರದ್ದರಿಂದ ಅಂಗಡಿಯ ಗುಮಾಸ್ತನ ಕೈಯಲ್ಲಿ ಓದಿಸಿ, ಅರ್ಥ ಕೇಳಿ, ಜಯನಗರದ ಬಿಸಿಲಲ್ಲಿ ಓಡಿ ಬಂದಿದ್ದರು.

ತಂಗಿ ಕಮಲಾದೇವಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಮಗಳು ಜಯಶೀಲಾ, ಮಣೆಯ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು, ಅಕ್ಷರ ಮುದ್ದಾಗಿತ್ತು. ಕಮಲಾದೇವಿಯವರ ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ತಾಯಿ ಮಗಳಿಬ್ಬರೂ ಗುರುಶಾಂತಪ್ಪನವರ ಹಿತ್ತಿಲ ಎರಡು ಕೋಣೆಗಳಲ್ಲಿದ್ದರು. ಕೋಣೆ ಕೊಟ್ಟವರಿಗೆ ಅದನ್ನು ವಾರಕ್ಕೊಮ್ಮೆ ನೆನಪಿಸುವ ಅಭ್ಯಾಸವೂ ಇತ್ತು.

ಜಾಹೀರಾತು ಕೊಟ್ಟವನು ತಮಿಳರವನಂತೆ, ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನಂತೆ, ತ್ಯಾಗರಾಜನಗರದಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುವವನಂತೆ, ಜಾತಿ ಭಾಷೆ ಯಾವುದೂ ಅಡ್ಡಿಯಿಲ್ಲವಂತೆ ಎಂದು ಅವರು ಒಂದೊಂದನ್ನೂ ಆರೋಪಪಟ್ಟಿಯಂತೆ ಹೇಳಿದರು. ನಮ್ಮವರಲ್ಲಿ ಗಂಡುಗಳಿಗೆ ಬರ ಬಂತೇ ಎಂದೂ ಕೇಳಿದರು. ಚಿಕ್ಕಪೇಟೆಯ ಗುರುಬಸಪ್ಪನ ಮಗನಿಗೆ ಜಯಶೀಲಾಳನ್ನು ಕೊಡುವ ಮಾತು ಆಡಿ ಅವರಿಗೆ ಆರು ತಿಂಗಳಾಗಿತ್ತು. ಜಯಶೀಲಾ ಇನ್ನೂ ಹೂಂ ಅಂದಿರಲಿಲ್ಲ.

"ಅವನಿಗೆ ಇದು ಎರಡನೇ ಮದುವೆ. ಅದಾದ್ರೂ ನೋಡಿದ್ರಾ?"

"ನೋಡಿದ್ವಿ ಅಣ್ಣಯ್ಯ," ಎಂದರು ಕಮಲಾದೇವಿ, ಕಾಳಿನಿಂದ ಕಣ್ಣೆತ್ತದೆ. "ಅದನ್ನ ನೋಡೇ ಗೆರೆ ಹಾಕಿದ್ದು."

ಗುರುಶಾಂತಪ್ಪನವರು ಕುರ್ಚಿ ಎಳೆದು ಕೂತು, ಬರೆದದ್ದನ್ನು ಕನ್ನಡದಲ್ಲಿ ಹೇಳು ಎಂದು ಸೋದರಸೊಸೆಗೆ ಅಪ್ಪಣೆ ಮಾಡಿದರು. ಅವಳು ಹೇಳಿದಳು. ಮುಚ್ಚಿಡುವ ಕೆಲಸವನ್ನೇನೂ ಅವಳು ಮಾಡುತ್ತಿರಲಿಲ್ಲ.

ಕಾಗದ ನಾಲ್ಕು ಸಲ ಹರಿದು ಐದನೆಯ ಸಲ ಹುಟ್ಟಿತ್ತು. ಮೊದಲನೆಯದು ಎದುರುಮನೆಯ ಚೂಡಾಮಣಿಯವರಿಂದ ಕೇಳಿ ಬರೆದುಕೊಂಡ ಒಂದು ತಮಿಳು ಸಾಲಿನಿಂದ ಶುರುವಾಗಿತ್ತು. ಬಾರದ ಭಾಷೆಯಲ್ಲಿ ಬರುವವರಂತೆ ನಟಿಸಿದರೆ, ಅವರು ಅದನ್ನು ನಂಬಿ ತಮಿಳಿನಲ್ಲೇ ಉತ್ತರ ಬರೆದಾರು ಎಂದು ಕಮಲಾದೇವಿ ಅದನ್ನು ಹೊಡೆಸಿದ್ದರು. ಎರಡನೆಯದರಲ್ಲಿ 'ನಿಮ್ಮ ಜನ ಬಹಳ ಶಿಸ್ತಿನವರೆಂದು ಕೇಳಿದ್ದೇವೆ' ಎಂದಿತ್ತು. ಜನಕ್ಕೆಲ್ಲ ಕಾಗದ ಬರೆಯುತ್ತಿದ್ದೇವೆಯೇ, ಒಬ್ಬ ಮನುಷ್ಯನಿಗೆ ತಾನೇ ಎಂದು ಅದೂ ಹೋಯಿತು. ಮೂರನೆಯದು ಸಂಬಳ ಎಷ್ಟೆಂದು ಕೇಳಿದ್ದಕ್ಕೆ ಹರಿಯಿತು. ನಾಲ್ಕನೆಯದರಲ್ಲಿ ಭಾನುವಾರ ಮನೆಗೆ ಬನ್ನಿ ಎಂಬ ಕರೆ ಇತ್ತು. ಮುಖ ನೋಡದವರಿಗೆ ದಿನ ಗೊತ್ತುಮಾಡುವುದಕ್ಕೆ ನಾವು ಯಾರು ಎಂದು ಅದಕ್ಕೂ ಅದೇ ಗತಿ.

ಉಳಿದದ್ದು ಇಷ್ಟು. ನಿಮ್ಮ ಜಾಹೀರಾತು ನೋಡಿದೆವು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀರಿ, ಅದು ಹಿಡಿಸಿತು. ನಮ್ಮ ಮನೆಮಾತು ಕನ್ನಡ. ಈ ಊರಿನಲ್ಲಿದ್ದೀರೆಂದ ಮಾತ್ರಕ್ಕೆ ನಿಮಗೆ ಕನ್ನಡ ಓದಲು ಬರುತ್ತದೆಂದು ತಿಳಿಯುವುದು ಸರಿಯಲ್ಲವಾದ್ದರಿಂದ ಇದು ಇಂಗ್ಲಿಷಿನಲ್ಲಿದೆ. ತಮಿಳು ಬರುವುದಿಲ್ಲ, ಕಲಿಯಲು ಬೇಸರವಿಲ್ಲ. ಕೊರಳಲ್ಲಿ ಲಿಂಗವಿದೆ, ಅದನ್ನು ಬಿಡುವುದಿಲ್ಲ. ನಿಮ್ಮದನ್ನು ನೀವು ಬಿಡಬೇಕೆಂದೂ ಕೇಳುವುದಿಲ್ಲ. ಪರಿಚಯ ಬೆಳೆಸಲು ಮನಸ್ಸಿದ್ದರೆ ಸ್ಕೂಲಿನ ವಿಳಾಸಕ್ಕೆ ಬರೆಯಬಹುದು. ಬರೆಯದಿದ್ದರೆ ಒಲ್ಲೆ ಎಂದು ತಿಳಿದುಕೊಳ್ಳುತ್ತೇವೆ. ಕಾರಣ ಕೇಳುವುದಿಲ್ಲ, ಮತ್ತೆ ಕಾಗದ ಹಾಕುವುದಿಲ್ಲ.

"ಇಷ್ಟೇನಾ?"

"ಕೊನೇಲಿ ಇನ್ನೊಂದು ಸಾಲಿದೆ, ಮಾವ."

"ಸಾಕು ನಿಲ್ಸು."

ಹೆಣ್ಣಿನ ಕಡೆಯವರು ಹೀಗೆ ತಾವಾಗಿಯೇ ಬರೆದುಕೊಂಡರೆ ಅಗ್ಗವಾಗುತ್ತಾರೆ ಎಂದರು ಗುರುಶಾಂತಪ್ಪ. ಬೈದಾಡಲು ಬಂದವರಿಗೆ ಆ ಕಾಗದದಲ್ಲಿ ಹಿಡಿಯಲು ಒಂದು ಜುಟ್ಟೂ ಸಿಗಲಿಲ್ಲ, ಅದೇ ಅವರಿಗೆ ಹೆಚ್ಚು ಸಿಟ್ಟು ತರಿಸಿತು. ಮಠಕ್ಕೆ ಹೇಗೆ ಮುಖ ತೋರಿಸಲಿ, ಪೇಟೆಯಲ್ಲಿ ಹೇಗೆ ತಲೆಯೆತ್ತಲಿ ಎಂದರು. ಕೊನೆಗೆ ಧ್ವನಿ ತಗ್ಗಿಸಿದರು. ಅವರು ಧ್ವನಿ ತಗ್ಗಿಸಿದರೆ ಆಡಿದ ಮಾತು ನಡೆಸಿಯೇ ತೀರುವವರು.

"ಈ ಕಾಗದ ಪೋಸ್ಟಾದ್ರೆ ನೀವಿಬ್ರೂ ಈ ಮನೆ ಬಾಗಿಲು ಮರೀಬೇಕು."

ಜಯಶೀಲಾಳಿಗೆ ನಿಜಕ್ಕೂ ಭಯವಾಯಿತು. ಅವಳ ಸಂಬಳದಲ್ಲಿ ಯಡಿಯೂರಿನ ಕಡೆ ಒಂದು ಕೋಣೆ ಸಿಕ್ಕೀತು, ಅಷ್ಟೇ. ತಾಯಿಯ ಮುಖ ನೋಡಿದಳು. ಅಲ್ಲಿ ಭಯವಿರಲಿಲ್ಲ. ಹನ್ನೊಂದು ವರ್ಷ ತಲೆ ತಗ್ಗಿಸಿ ಬಾಳಿದ ಹೆಂಗಸು ಅಣ್ಣನನ್ನು ನೆಟ್ಟಗೆ ನೋಡುತ್ತಿದ್ದರು.

"ಮರೀತೀವಿ ಅಣ್ಣಯ್ಯ. ನೀನು ಅನ್ನ ಹಾಕಿದ್ದು ಮರೆಯಲ್ಲ. ಆದ್ರೆ ಅನ್ನ ಹಾಕಿದೋರು ಬದುಕೆಲ್ಲ ಬರೆದುಕೊಡಿ ಅಂದ್ರೆ ಆಗಲ್ಲ."

ಗುರುಶಾಂತಪ್ಪ ಎದ್ದು ನಿಂತು ಸೊಸೆಯ ಕಡೆ ತಿರುಗಿದರು. ತಾಯಿ ಹುಚ್ಚು ಹಿಡಿಸಿಕೊಂಡರೂ ಓದಿದ ಮಗಳಿಗೆ ಬುದ್ಧಿ ಇರಬಹುದೆಂಬ ಕೊನೆಯ ಆಸೆ ಅವರದು.

"ಅಷ್ಟು ಧೈರ್ಯ ಇದ್ರೆ ನನ್ನ ಎದುರಿಗೇ ಸಹಿ ಹಾಕು. ನೋಡ್ತೀನಿ."

ಜಯಶೀಲಾ ಪೆನ್ನಿನ ಕ್ಯಾಪ್ ತೆಗೆದಳು; ಮಣೆಯನ್ನು ಮೆಲ್ಲಗೆ ತಾಯಿಯ ಮುಂದೆ ಸರಿಸಿದಳು.

'ವಿಧವೆ, ನಲವತ್ತೆರಡು ವರ್ಷ, ಬೆಳೆದ ಮಗಳಿದ್ದಾಳೆ. ಈ ಕಾಗದವನ್ನು ನನಗಾಗಿ ಇಂಗ್ಲಿಷಿನಲ್ಲಿ ಬರೆದವಳು ಅವಳೇ' ಎಂಬ ಕೊನೆಯ ಸಾಲಿನ ಕೆಳಗೆ ಕಮಲಾದೇವಿ ದುಂಡನೆಯ ಕನ್ನಡದಲ್ಲಿ ತಮ್ಮ ಹೆಸರು ಬರೆದರು.