ತೊಟ್ಟಿಯ ಮುಚ್ಚಳವಾದ ಓಣಿಯ ಹೆಸರು

ಎಲ್ಲಾದರೂ ಹೊಸ ಬಣ್ಣದ ವಾಸನೆ ಬಂದರೆ ಇಂದಿಗೂ ನನಗೆ ಬ್ಯಾಡಗಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕುಂಬಾರರು ನೆಲೆಸಿದ್ದರಿಂದ ಕುಂಬಾರ ಓಣಿ ಎನಿಸಿಕೊಂಡಿದ್ದ ನಮ್ಮ ಓಣಿಗೆ ಪುರಸಭೆಯು ಠರಾವು ಮಾಡಿ ‘ಪ್ರಗತಿ ರಸ್ತೆ’ ಎಂದು ಹೆಸರಿಟ್ಟಿತ್ತು. ಹೊಸ ಫಲಕದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ದೂರವಾಣಿ ಕಚೇರಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ರಾಣೇಬೆನ್ನೂರಿನ ಮಗಳೊಡನೆ ಮಾತನಾಡಲೆಂದು ಅಜ್ಜಿ ವರ್ಷಗಟ್ಟಲೆ ಕಾದಿದ್ದ ಫೋನನ್ನು ಜೋಡಿಸಲು ಲೈನ್‌ಮನ್ ಬಂದದ್ದು ಅಂದೇ.

“ಅರ್ಜ್ಯಾಗ ಕುಂಬಾರ ಓಣಿ ಅಂತೈತಿ, ಇಲ್ಲಿ ಬ್ಯಾರೆ ಹೆಸರೈತಿ. ವಿಳಾಸ ಸಿಗಲಿಲ್ಲಂತ ಬರದು ವಾಪಸ್ ಹೊಕ್ಕೇನ್ರಿ ಅಮ್ಮಾರ,” ಎಂದ ಲೈನ್‌ಮನ್.

“ನಿಂದರಪಾ!” ಎಂದ ಅಜ್ಜಿ ಹಿತ್ತಲಿಗೆ ಓಡಿ, ನೀರಿನ ತೊಟ್ಟಿಗೆ ಮುಚ್ಚಿದ್ದ ತಗಡನ್ನು ಎತ್ತಿ ತಂದಳು. ಅದು ಪುರಸಭೆಯವರು ಕಿತ್ತೆಸೆದಿದ್ದ ಹಳೆಯ ಫಲಕ. ಸೆರಗಿನಿಂದ ಒರೆಸಿದೊಡನೆ ‘ಕುಂಬಾರ ಓಣಿ’ ಹೊಳೆಯಿತು. “ಓದು. ಮನಿ ನಂಬರೂ ನೋಡು, ಅದೇನ ಬದಲಾಗಿಲ್ಲ.”

ಆತ ಬಾಗಿಲ ಮೇಲಿನ ಸಂಖ್ಯೆಯನ್ನು ಅರ್ಜಿಯೊಂದಿಗೆ ಹೋಲಿಸಿ ನಕ್ಕ. “ಫೋನ್ ಜೋಡ್ಸಿ, ಇದನ್ನ ಹೊಸ ಬೋರ್ಡಿನ ಕೆಳಗ ಮೊಳಿ ಹೊಡದು ಹೊಕ್ಕೇನ್ರಿ. ಇಲ್ಲಾಂದ್ರ ನಾಳೆ ಟಪಾಲಿನವ ಅಲದಾಡ್ತಾನ.”

ಸಂಜೆ ಫೋನು ಮೊಳಗಿತು. ಅಜ್ಜಿ ಎರಡೂ ಕೈಗಳಿಂದ ರಿಸೀವರ್ ಹಿಡಿದು ಕೂಗಿದಳು: “ಹೂಂ, ಕೇಳಸ್ತೈತಿ ಮಗಳ! ಬರೂವಾಗ ತೊಟ್ಟಿಗೊಂದು ಮುಚ್ಚಳ ತಗೊಂಡು ಬಾ!”