ಬಾಜೂಕಿನ ಚಾಪೆ

ಆಬಾಸಾಹೇಬ ಕಾಕಾ ತಮ್ಮ ಚಾಪೆಯನ್ನು ವೃಷಭನ ಪಕ್ಕದ ಖಾಲಿ ಜಾಗದಲ್ಲಿ ಹಾಸಿದ್ದೇ ತಡ, ಅವನು ಗಾಬರಿಯಿಂದ ಬಾಗಿಲತ್ತ ನೋಡಿದ. ನಿಪ್ಪಾಣಿಯ ಆ ಯೋಗ ಕ್ಲಾಸಿನಲ್ಲಿ ಇಷ್ಟು ದಿನ ಯಾರಿಗೂ ಬೇಡವಾಗಿದ್ದ ಜಾಗವದು.

ನಿನ್ನೆ ಎಲ್ಲರೂ ಹೋದ ಮೇಲೆ, ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಉಜ್ವಲಾಗೆ ಅವನು ಹೇಳಿದ್ದ: "ಒಂದಿನ ನನ್ನ ಜೋಡಿ ಚಾ ಕುಡಿಯಾಕ ಬರ್ತೀರೇನ್ರಿ? ಈಗss ಹೇಳಬ್ಯಾಡ್ರಿ. ಬರೋದಿದ್ರ ನಾಳೆ ನನ್ನ ಬಾಜೂಕ ಚಾಪಿ ಹಾಸ್ರಿ. ಇಲ್ಲಾಂದ್ರ ಯಾವಾಗಿನಂಗ ಕಿಟಕಿ ಕಡೆ ಹಾಸ್ರಿ. ನಾ ಮತ್ತ ಕೇಳಂಗಿಲ್ಲ. ಕ್ಲಾಸ್ ಮಾತ್ರ ಬಿಡಬ್ಯಾಡ್ರಿ."

ಉಜ್ವಲಾ ಬಂದಳು. ಕಾಕಾನನ್ನು ನೋಡಿ ಒಂದು ಕ್ಷಣ ನಿಂತು, ಕಿಟಕಿಯತ್ತ ನಡೆದಳು. ವೃಷಭ ಕೊಟ್ಟ ಮಾತಿನಂತೆ ಮತ್ತೆ ಏನೂ ಕೇಳದೆ, ಮುಖದ ಮೇಲೆ ನಗು ತಂದುಕೊಂಡು "ನಮಸ್ಕಾರ್ರಿ" ಎಂದ. ಆಮೇಲೆ ಏನು ಮಾಡಬೇಕೆಂದು ತೋಚದೆ, ಗುರುಗಳು ಹೇಳುವ ಮೊದಲೇ ಕಣ್ಣುಮುಚ್ಚಿ ಕಪಾಲಭಾತಿ ಶುರುಮಾಡಿಬಿಟ್ಟ.

"ಕಾಕಾ, ಇಲ್ಲಿ ಗಾಳಿ ಛಲೋ ಐತ್ರಿ, ನನ್ನ ಜಾಗಾಕ್ಕ ಬರ್ರಿ," ಎಂದು ಕಿಟಕಿ ಕಡೆಯಿಂದ ಉಜ್ವಲಾಳ ದನಿ ಕೇಳಿತು.

"ಬ್ಯಾಡವ್ವಾ, ನನಗ ಇಲ್ಲೇ ಛಲೋ ಐತಿ," ಎಂದರು ಕಾಕಾ.

ವೃಷಭ ಕಣ್ಣು ತೆರೆದ. ಇನ್ನೂ ಬಿಚ್ಚದ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವಳು ಕಾಕಾನ ಮುಂದೆ ಬಂದು ನಿಂತಿದ್ದಳು.

"ನನಗೂ ಇಲ್ಲೇ ಬೇಕಾಗೈತ್ರಿ ಕಾಕಾ. ಏಳ್ರಿ."